ಲೆಕ್ಕ ಸರಿ, ಗಿರಾಕಿ ಬರಿಗೈ: ಒಂದು ವೆಂಡಿಂಗ್ ಯಂತ್ರದ ಪ್ರಕರಣ

ದೂರು ಚಿಕ್ಕದೇ. ಜನ ಕಾಯುವ ಒಂದು ಹಾಲ್‌ನ ಮೂಲೆಯಲ್ಲಿ ನಿಂತಿದ್ದ ವೆಂಡಿಂಗ್ ಯಂತ್ರ. ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿದ ಕೆಲವರಿಗೆ ಪೊಟ್ಟಣ ಬೀಳುತ್ತಿರಲಿಲ್ಲ. ವಾರಕ್ಕೆ ಎರಡೋ ಮೂರೋ ಇಂಥ ದೂರು. ಅದೇ ಯಂತ್ರಕ್ಕೆ ಕಾರ್ಡ್ ಇಲ್ಲವೇ ಫೋನ್ ಮುಟ್ಟಿಸಿ ಕಟ್ಟಿದವರಿಂದ ಒಂದೂ ದೂರಿಲ್ಲ.

ಯಂತ್ರದ ಮಾಲೀಕರು ನನ್ನನ್ನು ಕರೆಸುವ ಹೊತ್ತಿಗೆ ಅವರ ಮಟ್ಟಿಗೆ ವಿಷಯ ತೀರ್ಮಾನವಾಗಿತ್ತು. ದಿನಾ ರಾತ್ರಿ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು: ಯಂತ್ರ ಎಷ್ಟು ಪೊಟ್ಟಣ ಬೀಳಿಸಿತು, ಎಷ್ಟು ಪಾವತಿ ಬಂತು. 61 ಬಿದ್ದಿದ್ದರೆ 61 ಪಾವತಿ. "ಒಬ್ರು ದುಡ್ಡು ಕಟ್ಟಿ ಬರಿಗೈಲಿ ಹೋಗಿದ್ರೆ ಪಾವತಿ ಒಂದು ಜಾಸ್ತಿ ಇರ್ಬೇಕಲ್ವಾ? ಇಲ್ಲ. ಅಂದ್ಮೇಲೆ ಸುಳ್ಳು ಹೇಳ್ತಿದ್ದಾರೆ" ಎಂಬುದು ಅವರ ವಾದ. ವಾದದಲ್ಲಿ ತಪ್ಪಿಲ್ಲ, ಅರ್ಧ ಮಾತ್ರ ಇದೆ. ಲೆಕ್ಕ ತಾಳೆಯಾಗಲು ಇನ್ನೊಂದು ದಾರಿಯೂ ಇದೆ: ಒಬ್ಬರು ಕಟ್ಟಿ ಬರಿಗೈಲಿ ಹೋಗಬೇಕು, ಇನ್ನೊಬ್ಬರು ಕಟ್ಟದೆ ಪೊಟ್ಟಣ ತೆಗೆದುಕೊಂಡು ಹೋಗಬೇಕು. ಪುಕ್ಕಟೆ ಸಿಕ್ಕವರು ದೂರು ಕೊಡುವುದಿಲ್ಲ.

ಈ ಊಹೆಗೆ ಜೀವ ಕೊಟ್ಟದ್ದು ಹಾಲ್‌ನ ಕಾವಲುಗಾರ. ನಾನು ಯಂತ್ರದ ಬಾಗಿಲು ತೆಗೆದು ಕೂತಿದ್ದಾಗ ಬಂದು ನಿಂತು ಹೇಳಿದ: "ಸಾರ್, ಮೊನ್ನೆ ಒಬ್ರು ನಂಬರ್ ಒತ್ತಿದ್ದೇ ತಡ, ಫೋನ್ ಜೇಬಿಂದ ತೆಗೆಯೋಕ್ ಮುಂಚೆನೇ ಬಿದ್ದುಬಿಡ್ತು. ನನ್ ಮುಖ ನೋಡಿ ನಗ್ತಾ ಹೋದ್ರು."

ಮುಂದಕ್ಕೆ ಹೋಗುವ ಮೊದಲು ಯಂತ್ರದ ಒಳಗೆ ಯಾರು ಯಾರೊಂದಿಗೆ ಮಾತಾಡುತ್ತಾರೆ ಎಂಬುದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಸ್ಪ್ರಿಂಗ್ ತಿರುಗಿಸುವ, ಬೆಲೆ ನೆನಪಿಟ್ಟುಕೊಳ್ಳುವ ಮುಖ್ಯ ಬೋರ್ಡ್ ಒಂದು. ಅದಕ್ಕೆ ಬ್ಯಾಂಕ್ ಗೊತ್ತಿಲ್ಲ, ಕಾರ್ಡ್ ಗೊತ್ತಿಲ್ಲ, ಇಂಟರ್‌ನೆಟ್ ಗೊತ್ತಿಲ್ಲ. ಬಾಗಿಲಿಗೆ ಕೂರಿಸಿದ ಪಾವತಿ ರೀಡರ್ ಇನ್ನೊಂದು. ಅದರಲ್ಲಿ ಸಿಮ್, ಆಂಟೆನಾ, ಚಿಕ್ಕ ಪರದೆ ಎಲ್ಲ ಇದೆ, ಆದರೆ ಒಂದು ಪೊಟ್ಟಣ ಬೀಳಿಸುವ ತಾಕತ್ತು ಅದಕ್ಕಿಲ್ಲ. ಇವೆರಡರ ನಡುವೆ ಎಂಡಿಬಿ ಎಂಬ ತಂತಿ. ಇದನ್ನೂ ಬಸ್ ಅಂತಲೇ ಕರೆಯುತ್ತೇವೆ. ನಿಜವಾದ ಬಸ್ಸಿನಂತೆ ಇದೂ ನಿಧಾನವೇ, ಸೆಕೆಂಡಿಗೆ 9600 ಬಿಟ್. ನಾಣ್ಯ, ನೋಟು ತೆಗೆದುಕೊಳ್ಳುವ ಪೆಟ್ಟಿಗೆಗಳೂ ಇದೇ ತಂತಿಗೆ ಸೇರುತ್ತವೆ, ಪ್ರತಿಯೊಂದಕ್ಕೂ ಒಂದೊಂದು ವಿಳಾಸ. ನಗದುರಹಿತ ರೀಡರ್‌ನ ವಿಳಾಸ ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವ ಅಂಕಿಯಲ್ಲಿ, 10. ಈ ತಂತಿಯಲ್ಲಿ ಯಜಮಾನ ಮುಖ್ಯ ಬೋರ್ಡೇ. ಅದು ಒಂದೇ ಸಮನೆ "ಏನಾದ್ರೂ ಇದೆಯಾ, ಏನಾದ್ರೂ ಇದೆಯಾ" ಎಂದು ಕೇಳುತ್ತಲೇ ಇರುತ್ತದೆ. ಕೇಳಿದ 5 ಮಿಲಿಸೆಕೆಂಡಿನೊಳಗೆ ರೀಡರ್ ಬಾಯಿ ಬಿಡಬೇಕು. ಹೇಳಲು ಏನೂ ಇಲ್ಲದಿದ್ದರೆ ಬರೀ ಹೂಂಗುಟ್ಟಬೇಕು.

ಗಿರಾಕಿ 7ನೇ ಸಾಲು ಒತ್ತಿದಾಗ ಬೋರ್ಡ್ ರೀಡರ್‌ಗೆ ಒಂದು ಕೋರಿಕೆ ಕಳಿಸುತ್ತದೆ: ಇಂಥ ಸಾಲು, ಇಷ್ಟು ಬೆಲೆ, ಕೊಡಲೇ? ರೀಡರ್ "ಕೊಡು" ಎಂದರೆ ಮೋಟರ್ ತಿರುಗುತ್ತದೆ. ಬಿದ್ದರೆ ಬೋರ್ಡ್ "ಕೊಟ್ಟೆ" ಎಂದು ತಿರುಗಿ ಹೇಳುತ್ತದೆ, ಬೀಳದಿದ್ದರೆ "ಆಗಲಿಲ್ಲ" ಎನ್ನುತ್ತದೆ. ಇಷ್ಟೇ ಸಂಭಾಷಣೆ. ಹಣ ಹೇಗೆ ಬಂತು ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಬೆಲೆ ಕೂಡ ಬರೀ ಅಂಕಿ, ಅದರ ಮುಂದೆ ಯಾವ ದೇಶದ ನಾಣ್ಯದ ಹೆಸರೂ ಇರುವುದಿಲ್ಲ; ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಮುಟ್ಟಿಸುವ ಪಾವತಿಗೂ ಕೋಡ್ ಪಾವತಿಗೂ ಇರುವ ವ್ಯತ್ಯಾಸ ಗಿರಾಕಿಗೆ ಕಾಣುವುದಿಲ್ಲ. ಎರಡರಲ್ಲೂ ಫೋನ್ ಎತ್ತಿ ಹಿಡಿದರೆ ಮುಗಿಯಿತು. ಒಳಗೆ ಮಾತ್ರ ಎರಡೂ ತದ್ವಿರುದ್ಧ. ಕಾರ್ಡ್ ಮುಟ್ಟಿಸಿದಾಗ ದುಡ್ಡು ಕೇಳುವುದು ಯಂತ್ರ. ಕೋಡ್‌ನಲ್ಲಿ ದುಡ್ಡು ಕಳಿಸುವುದು ಗಿರಾಕಿ.

ಮುಟ್ಟಿಸಿದಾಗ ಕಾರ್ಡ್‌ನ ಚಿಪ್ ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಒಂದು ಗುಪ್ತ ಸಹಿಯನ್ನು ರೀಡರ್‌ಗೆ ಕೊಡುತ್ತದೆ. ರೀಡರ್ ಅದನ್ನು ಬ್ಯಾಂಕ್ ಕಡೆಗೆ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಪಿನ್ ಒತ್ತಲು ಕೀಲಿಗಳೇ ಇಲ್ಲದ ರೀಡರ್ ಆದ್ದರಿಂದ ಸಣ್ಣ ಮೊತ್ತಕ್ಕಷ್ಟೇ ಈ ಸೌಲಭ್ಯ. ಫೋನಾದರೆ ಮಾಲೀಕನ ಬೆರಳನ್ನೋ ಮುಖವನ್ನೋ ಫೋನೇ ಪರೀಕ್ಷಿಸಿರುತ್ತದೆ. ಮುಖ್ಯವಾದದ್ದು ಮುಂದಿನದು. ಬ್ಯಾಂಕ್ ಹೂಂ ಎಂದರೂ ಆ ಕ್ಷಣ ದುಡ್ಡು ಹೋಗುವುದಿಲ್ಲ, ಕಾದಿರಿಸಲಾಗುತ್ತದೆ. ಬೋರ್ಡ್ "ಕೊಟ್ಟೆ" ಎಂದ ಮೇಲೆ ರೀಡರ್ ಆ ಕಾದಿರಿಸಿದ್ದನ್ನು ವಸೂಲಿಗೆ ಹಾಕುತ್ತದೆ. "ಆಗಲಿಲ್ಲ" ಎಂದರೆ ಕಾದಿರಿಸಿದ್ದನ್ನು ಬಿಡಿಸುತ್ತದೆ. ಬ್ಯಾಂಕಿನಿಂದ ಉತ್ತರವೇ ಬರದಿದ್ದರೂ ಅಷ್ಟೇ: ರದ್ದು ಸಂದೇಶವನ್ನು ಬರೆದಿಟ್ಟುಕೊಂಡು, ಸಿಗ್ನಲ್ ಬಂದಾಗ ಕಳಿಸುತ್ತದೆ. ಹೆಚ್ಚೆಂದರೆ ಗಿರಾಕಿಯ ಖಾತೆಯಲ್ಲಿ ಸ್ವಲ್ಪ ದುಡ್ಡು ಕೆಲಕಾಲ ಸಿಕ್ಕಿಕೊಂಡಿರುತ್ತದೆ. (ಮೊದಲು ಕಾರ್ಡ್ ಮುಟ್ಟಿಸಿ ಆಮೇಲೆ ವಸ್ತು ಆರಿಸುವ ಯಂತ್ರಗಳಿವೆ. ಬೆಲೆ ಇನ್ನೂ ಗೊತ್ತಿಲ್ಲವಾದ್ದರಿಂದ ಅವು ಯಂತ್ರದ ಅತಿ ದುಬಾರಿ ವಸ್ತುವಿನ ಬೆಲೆಯನ್ನೇ ಕಾದಿರಿಸುತ್ತವೆ. ಫೋನ್‌ಗೆ ಬಂದ ಸಂದೇಶದಲ್ಲಿ ದೊಡ್ಡ ಮೊತ್ತ ನೋಡಿ ಗಾಬರಿಯಾದವರಿಗೆ ಸಮಾಧಾನ ಹೇಳುವುದು ನಮ್ಮ ಕೆಲಸದ ಒಂದು ಭಾಗವೇ ಆಗಿಹೋಗಿದೆ.)

ಕೋಡ್‌ನಲ್ಲಿ ಕಾದಿರಿಸುವುದು ಎಂಬುದಿಲ್ಲ. ರೀಡರ್ ಪರದೆಯ ಮೇಲೆ ಕ್ಯೂಆರ್ ಬರೆಯುತ್ತದೆ. ಅದರೊಳಗೆ ಯಾರಿಗೆ, ಎಷ್ಟು, ಯಾವ ಉಲ್ಲೇಖ ಸಂಖ್ಯೆ ಎಂಬುದಿರುತ್ತದೆ. ಗಿರಾಕಿ ಸ್ಕ್ಯಾನ್ ಮಾಡಿ ಒಪ್ಪಿದ ಕ್ಷಣ ದುಡ್ಡು ಅವರ ಖಾತೆ ಬಿಟ್ಟು ಹೋಯಿತು. ಈ ಇಡೀ ವ್ಯವಹಾರ ಗಿರಾಕಿಯ ಫೋನ್ ಮತ್ತು ಬ್ಯಾಂಕ್‌ಗಳ ನಡುವೆಯೇ ನಡೆಯಿತು, ರೀಡರ್ ಅದರಲ್ಲಿ ಭಾಗಿಯೇ ಅಲ್ಲ. ಪಕ್ಕದಲ್ಲೇ ನಿಂತಿದ್ದರೂ ಅದಕ್ಕೆ ಯಾರಾದರೂ ಬಂದು ಹೇಳಬೇಕು. ಬ್ಯಾಂಕ್ ಕಡೆಯಿಂದ ನಡುವಿನ ಸರ್ವರ್‌ಗೆ, ಸರ್ವರ್‌ನಿಂದ ರೀಡರ್‌ಗೆ ಸುದ್ದಿ ಬರಬೇಕು. ಆ ಕೊನೆಯ ಜಿಗಿತ ಮೊಬೈಲ್ ಜಾಲದ ಮೇಲೆ.

ಇನ್ನು ಆ ದಿನದ ದಾಖಲೆ. ತಂತಿಯ ಮೇಲೆ ಓಡುವ ಮಾತನ್ನೆಲ್ಲ ಹಿಡಿದಿಡುವ ಚಿಕ್ಕ ಉಪಕರಣವೊಂದನ್ನು ನಾಲ್ಕು ದಿನ ಒಳಗೆ ಕಟ್ಟಿಟ್ಟಿದ್ದೆ. ಮೂರನೇ ದಿನ ಅದೃಷ್ಟ ಒಲಿಯಿತು, ಅದೂ ಬೇರೆ ಕಾರಣಕ್ಕೆ. ಅದುವರೆಗೆ ಯಂತ್ರದ ಎಲ್ಲ ಸಾಲಿಗೂ ಬೆಲೆ 20. ಆ ಬೆಳಿಗ್ಗೆ ಮಾಲೀಕರು 12ನೇ ಸಾಲಿನ ಬೆಲೆಯನ್ನು 25 ಮಾಡಿದ್ದರು. ರಾತ್ರಿ ಎಣಿಕೆ ಎಂದಿನಂತೆ ತಾಳೆಯಾಯಿತು, ಆದರೆ ಬಂದ ದುಡ್ಡು ಬರಬೇಕಾದ್ದಕ್ಕಿಂತ 5 ಕಡಿಮೆ. ಎಣಿಕೆ ಸರಿಯಿದ್ದು ಮೊತ್ತ ಮಾತ್ರ 5 ಕಡಿಮೆ ಎಂದರೆ 20 ಕಟ್ಟಿದ್ದಕ್ಕೆ 25ರ ವಸ್ತು ಬಿದ್ದಿದೆ ಎಂದರ್ಥ. ದಾಖಲೆಯಲ್ಲಿ 12ನೇ ಸಾಲಿನ ವ್ಯವಹಾರಗಳನ್ನಷ್ಟೇ ಹುಡುಕಿದೆ. ಸಿಕ್ಕಿದ್ದು ಇದು. ಎಡಗಡೆ ಸಮಯ, VMC ಎಂದರೆ ಮುಖ್ಯ ಬೋರ್ಡ್, RDR ಎಂದರೆ ರೀಡರ್:

```
15:42:05  VMC  13 00 00 14 00 07 2E
15:42:50  VMC  13 01 14
15:42:50  RDR  06 06
15:44:40  VMC  13 00 00 19 00 0C 38
15:44:41  RDR  05 00 19 1E
15:44:46  VMC  13 02 00 0C 21
```

ಮೊದಲ ಸಾಲು ಓದಿ. 13 00 ಎಂದರೆ "ಕೊಡಲೇ?" ಎಂಬ ಕೋರಿಕೆ. 00 14 ಬೆಲೆ, ಹೆಕ್ಸ್‌ನಲ್ಲಿ 14 ಎಂದರೆ 20. 00 07 ಸಾಲಿನ ಸಂಖ್ಯೆ. ಕೊನೆಯ 2E ಹಿಂದಿನದೆಲ್ಲ ಕೂಡಿದ ಮೊತ್ತ, ತಂತಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ನೋಡಲು. 45 ಸೆಕೆಂಡ್ ಕಳೆದ ಮೇಲೆ ಬೋರ್ಡ್‌ಗೆ ಸಾಕಾಯಿತು, 13 01 ಎಂದು ಕೋರಿಕೆ ಹಿಂತೆಗೆದುಕೊಂಡಿತು. ರೀಡರ್ 06 ಎಂದು, ಅಂದರೆ "ಇಲ್ಲ" ಎಂದು ತಲೆಯಾಡಿಸಿತು. ಇಷ್ಟನ್ನೇ ನೋಡಿದರೆ ಯಾರೋ ನಂಬರ್ ಒತ್ತಿ, ಮನಸ್ಸು ಬದಲಿಸಿ ಹೋದರು ಎನಿಸುತ್ತದೆ. ಬ್ಯಾಂಕ್ ಕಡೆಯ ಪಟ್ಟಿಯಲ್ಲಿ ಮಾತ್ರ 15:42:31ಕ್ಕೆ 20ರ ಪಾವತಿ ಕೂತಿದೆ. ಯಂತ್ರ ಕೈಬಿಡುವುದಕ್ಕೆ 19 ಸೆಕೆಂಡ್ ಮೊದಲೇ ಗಿರಾಕಿ ಕಟ್ಟಿಯಾಗಿತ್ತು.

ಆಮೇಲೆ 15:44:40. ಇನ್ನೊಬ್ಬರು 12ನೇ ಸಾಲು ಒತ್ತುತ್ತಾರೆ. ಬೆಲೆ ಹೆಕ್ಸ್‌ನಲ್ಲಿ 19, ಅಂದರೆ 25. ಒಂದೇ ಸೆಕೆಂಡಿನಲ್ಲಿ ರೀಡರ್ 05, "ಕೊಡು". ಒಂದು ಸೆಕೆಂಡಿನಲ್ಲಿ ಫೋನ್ ತೆಗೆದು, ಸ್ಕ್ಯಾನ್ ಮಾಡಿ, ಗುಪ್ತಸಂಖ್ಯೆ ಒತ್ತುವ ಮನುಷ್ಯ ಹುಟ್ಟಿಲ್ಲ. ಕಾವಲುಗಾರ ನೋಡಿದ್ದು ಇದನ್ನೇ.

ಈ ನಡುವೆ ಏನಾಯಿತೆಂದು ರೀಡರ್‌ನ ಸ್ವಂತ ದಾಖಲೆ ಹೇಳಿತು. 15:44:12ಕ್ಕೆ ಅದು ಸರ್ವರ್ ಜೊತೆ ಮತ್ತೆ ಸಂಪರ್ಕ ಕಟ್ಟಿಕೊಂಡಿದೆ. ಮತ್ತೆ ಎಂದರೆ, ಅದುವರೆಗೆ ಸಂಪರ್ಕ ಇರಲಿಲ್ಲ. ರೀಡರ್ ಮಾತ್ರ ಇದೆ ಎಂದೇ ನಂಬಿಕೊಂಡಿತ್ತು. ಮೊಬೈಲ್ ಜಾಲದಲ್ಲಿ ಇದು ಹಳೆಯ ಕತೆ. ಯಾರೂ ಮಾತಾಡದೆ ಸುಮ್ಮನಿರುವ ಸಂಪರ್ಕವನ್ನು ಜಾಲದ ನಡುವಿನ ಗೇಟ್‌ವೇ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು ಆಮೇಲೆ ಮರೆತುಬಿಡುತ್ತದೆ, ಎರಡು ತುದಿಗಳಿಗೂ ಹೇಳದೆ. ಅದಕ್ಕೇ ರೀಡರ್ ಆಗಾಗ "ಇದ್ದೀಯಾ?" ಎಂಬ ಚಿಕ್ಕ ಸಂದೇಶ ಕಳಿಸುತ್ತಿರಬೇಕು. ಸಿಮ್ ಡೇಟಾ ಉಳಿಸಲೆಂದು ಇಲ್ಲಿ ಅದನ್ನು 10 ನಿಮಿಷಕ್ಕೊಮ್ಮೆ ಎಂದು ಇಟ್ಟಿದ್ದರು. ಗೇಟ್‌ವೇ ಅದಕ್ಕಿಂತ ಬೇಗ ಮರೆಯುತ್ತಿತ್ತು. ಸರ್ವರ್ "ದುಡ್ಡು ಬಂತು" ಎಂದು ಕಳಿಸಿದ್ದು ಗಾಳಿಗೆ ಹೋಯಿತು. ರೀಡರ್‌ನ ಮುಂದಿನ "ಇದ್ದೀಯಾ?"ಗೆ ಉತ್ತರ ಬರದಾಗ ಅದಕ್ಕೆ ಎಚ್ಚರವಾಗಿ, ಹೊಸದಾಗಿ ಸಂಪರ್ಕ ಕಟ್ಟಿ, ಸರ್ವರ್‌ನಲ್ಲಿ ಸರದಿ ಕಾಯುತ್ತಿದ್ದ ಸುದ್ದಿಯನ್ನು ಇಳಿಸಿಕೊಂಡಿತು. 101 ಸೆಕೆಂಡ್ ತಡ.

ಕಾರ್ಡ್‌ಗೆ ಈ ರೋಗ ತಗಲದಿದ್ದುದೇಕೆ ಎಂಬುದೂ ಇಲ್ಲೇ ತಿಳಿಯಿತು. ಪ್ರತಿ ಸಲ ಮುಟ್ಟಿಸಿದಾಗಲೂ ರೀಡರ್ ತಾನೇ ಹೊಸ ಸಂಪರ್ಕ ತೆರೆದು ಕೇಳುತ್ತದೆ. ಸತ್ತ ಸಂಪರ್ಕದ ತುದಿ ಹಿಡಿದು ಕೂರುವ ಪ್ರಸಂಗವೇ ಇಲ್ಲ.

ಸುದ್ದಿ ತಡವಾಗಿದ್ದು ಅರ್ಧ ತಪ್ಪು. ತಡವಾದ ಸುದ್ದಿ ಇನ್ನೊಬ್ಬರ ಪಾಲಾದದ್ದು ಇನ್ನರ್ಧ, ನನ್ನ ಪ್ರಕಾರ ದೊಡ್ಡ ಅರ್ಧ. ಕೋಡ್‌ನೊಳಗೆ ಪ್ರತಿ ಮಾರಾಟಕ್ಕೂ ಹೊಸ ಉಲ್ಲೇಖ ಸಂಖ್ಯೆ ಇತ್ತು. ಬ್ಯಾಂಕ್ ಅದನ್ನು ಸರ್ವರ್‌ವರೆಗೂ ಚಾಚೂ ತಪ್ಪದೆ ತಂದು ಕೊಡುತ್ತಿತ್ತು. ಸರ್ವರ್ ಮಾತ್ರ ರೀಡರ್‌ಗೆ ಕಳಿಸುವಾಗ ಅದನ್ನು ಬಿಟ್ಟು, "ಇಂಥ ಯಂತ್ರಕ್ಕೆ ದುಡ್ಡು ಬಂತು" ಎಂದಷ್ಟೇ ಹೇಳುತ್ತಿತ್ತು. ರೀಡರ್ ಆ ಮಾತನ್ನು ಒಂದು ಗುರುತಾಗಿ ಎತ್ತಿಟ್ಟುಕೊಂಡು, ಮುಂದೆ ಯಾರೇ ನಂಬರ್ ಒತ್ತಲಿ, ಅವರಿಗೆ "ಕೊಡು" ಎನ್ನುತ್ತಿತ್ತು. ಮೊತ್ತವನ್ನೂ ಹೋಲಿಸುತ್ತಿರಲಿಲ್ಲ. ಎಲ್ಲ ಸಾಲಿಗೂ 20 ಇದ್ದಷ್ಟು ದಿನ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಈ ಪ್ರೋಗ್ರಾಂ ಬರೆದವರು ಸೋಮಾರಿಗಳೇನಲ್ಲ, ಒಂದು ಯಂತ್ರದ ಮುಂದೆ ಒಂದು ಹೊತ್ತಿಗೆ ಒಬ್ಬರೇ ನಿಂತಿರುತ್ತಾರೆ ಎಂದು ನಂಬಿದ್ದರು. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಅದು ನಿಜವೇ.

ಊಹೆಯನ್ನು ಕಣ್ಣಾರೆ ನೋಡದೆ ಬಿಡುವ ಹಾಗಿರಲಿಲ್ಲ. ಸಹೋದ್ಯೋಗಿಯೊಬ್ಬನನ್ನು ಕರೆದುಕೊಂಡು ಎರಡು ಫೋನ್ ಹಿಡಿದು ಹೋದೆ. ಮೊದಲ ಪ್ರಯತ್ನದಲ್ಲಿ ಎಲ್ಲ ಸರಿಯಾಗಿ ನಡೆದು ಮುಖಭಂಗವಾಯಿತು: ಕಟ್ಟಿದ್ದೇ ತಡ, ಬಿತ್ತು. ಎರಡನೆಯ ಸಲವೂ ಬಿತ್ತು. ಆಗ ಹೊಳೆಯಿತು, ನಾವೇ ಮತ್ತೆಮತ್ತೆ ಯಂತ್ರ ಬಳಸಿ ಸಂಪರ್ಕವನ್ನು ಜೀವಂತವಾಗಿಟ್ಟಿದ್ದೇವೆ. ಹಾಲ್‌ನ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ "ರಿಪೇರಿ ನಡೀತಿದೆ" ಎಂದು ಹೇಳುತ್ತ ಕಾದೆವು. ಎದ್ದು ಕಟ್ಟಿದೆ. ಫೋನ್‌ನಲ್ಲಿ ಹಸಿರು ಗುರುತು ಬಂತು, ಯಂತ್ರದ ಪರದೆಯಲ್ಲಿ ಕೋಡ್ ಹಾಗೇ ನಿಂತಿತ್ತು, 45 ಸೆಕೆಂಡಿಗೆ ಮಾಯವಾಯಿತು. ಇನ್ನೊಂದೈದು ನಿಮಿಷ ಬಿಟ್ಟು ಅವನು ಹೋಗಿ ನಂಬರ್ ಒತ್ತಿದ. ಬಿತ್ತು. "ನಿನ್ ದುಡ್ಡಲ್ಲಿ ನಂಗೆ" ಎಂದು ಪೊಟ್ಟಣ ಎತ್ತಿ ತೋರಿಸಿದ.

ದೂರುಗಳು ಇಷ್ಟು ಕಮ್ಮಿ ಇದ್ದುದೇಕೆ ಎಂಬುದೂ ಸ್ಪಷ್ಟವಾಯಿತು. ಯಂತ್ರ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಬಂದ ಮೊದಲನೆಯವರಿಗೆ ಮಾತ್ರ ಇದು ತಾಗುತ್ತಿತ್ತು. ಅವರು ಸ್ವಲ್ಪ ತಾಳ್ಮೆಯವರಾಗಿದ್ದು, ನಿಂತು, ಮತ್ತೆ ನಂಬರ್ ಒತ್ತಿದರೆ ಅವರದೇ ದುಡ್ಡಿನ ಪೊಟ್ಟಣ ಅವರಿಗೇ ಬೀಳುತ್ತಿತ್ತು. ಸಿಟ್ಟಾಗಿ ಹೊರಟುಹೋದವರದ್ದು ಮಾತ್ರ ಇನ್ನೊಬ್ಬರಿಗೆ.

ಸರಿಪಡಿಸಿದ್ದು ನಾಲ್ಕು ಕಡೆ, ಆದರೆ ನಾಲ್ಕಕ್ಕೂ ಒಂದೇ ತೂಕವಿಲ್ಲ. "ಇದ್ದೀಯಾ?" ಸಂದೇಶವನ್ನು ನಿಮಿಷಕ್ಕೊಮ್ಮೆ ಮಾಡಿದ್ದು ಸುಲಭದ ಕೆಲಸ, ಡೇಟಾ ಖರ್ಚು ಹೆಚ್ಚಾದದ್ದು ಲೆಕ್ಕಕ್ಕಿಲ್ಲ. ಅದರಿಂದಲೇ ದೂರು ಬಹುಪಾಲು ನಿಂತುಬಿಡುತ್ತಿತ್ತು, ಮಾಲೀಕರೂ ಅಷ್ಟಕ್ಕೇ ಸಾಕು ಎಂದರು. ನಾನು ಒಪ್ಪಲಿಲ್ಲ. ಸಿಗ್ನಲ್ ಇನ್ನಾವುದೋ ಕಾರಣಕ್ಕೆ ಹೋದ ದಿನ ಅದೇ ತಪ್ಪು ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ರೀಡರ್ ಈಗ ಉಲ್ಲೇಖ ಸಂಖ್ಯೆಯನ್ನೂ ಮೊತ್ತವನ್ನೂ ತನ್ನ ಮುಂದಿರುವ ಕೋರಿಕೆಗೆ ಹೋಲಿಸಿ, ಎರಡೂ ಕೂಡಿದರೆ ಮಾತ್ರ "ಕೊಡು" ಎನ್ನುತ್ತದೆ. ಹಳೆಯ ಸಂಖ್ಯೆಯ ಸುದ್ದಿ ಬಂದರೆ ಬರೆದಿಟ್ಟುಕೊಂಡು ಸುಮ್ಮನಾಗುತ್ತದೆ. ಜೊತೆಗೆ ಕೋಡ್ ಪರದೆಯ ಮೇಲಿರುವಷ್ಟು ಹೊತ್ತು ಸುದ್ದಿ ತಾನಾಗಿ ಬರಲೆಂದು ಕೂರದೆ, 3 ಸೆಕೆಂಡಿಗೊಮ್ಮೆ ಸರ್ವರ್‌ಗೆ ತಾನೇ ಹೋಗಿ ಕೇಳುತ್ತದೆ, ಕಾರ್ಡ್‌ನಲ್ಲಿ ಮಾಡುವ ಹಾಗೆ ಹೊಸ ಸಂಪರ್ಕದ ಮೇಲೆ.

ಮೂರನೆಯದು ಸಮಯ. ಯಂತ್ರ ಚಾಲೂ ಆದಾಗ ರೀಡರ್ ಬೋರ್ಡ್‌ಗೆ ತನ್ನ ಪರಿಚಯ ಹೇಳಿಕೊಳ್ಳುತ್ತದೆ; ಅದರಲ್ಲಿ ಉತ್ತರ ಕೊಡಲು ತನಗೆ ಹೆಚ್ಚೆಂದರೆ ಎಷ್ಟು ಸೆಕೆಂಡ್ ಬೇಕು ಎಂಬ ಒಂದು ಅಂಕಿ ಇರುತ್ತದೆ. ಎಂಡಿಬಿಯಲ್ಲಿ ರೀಡರ್‌ಗೆ ಮೂಲತಃ ಇರುವ ಗಡುವು 5 ಸೆಕೆಂಡ್. ಕಾರ್ಡ್‌ಗೆ ಒಪ್ಪುವ ಕಾಲ ಅದು, ಮನುಷ್ಯ ಫೋನ್ ತೆಗೆದು ಆ್ಯಪ್ ಹುಡುಕುವ ಕಾಲವಲ್ಲ. ಇಲ್ಲಿ ಅದನ್ನು 45 ಎಂದು ಇಟ್ಟಿದ್ದರು, ಕೋಡ್ ಕೂಡ ಅದೇ 45 ಸೆಕೆಂಡ್ ಪರದೆಯ ಮೇಲೆ. ಎರಡೂ ಒಂದೇ ಇದ್ದರೆ 44ನೇ ಸೆಕೆಂಡಿನಲ್ಲಿ ಕಟ್ಟಿದವರು ಕೆಟ್ಟರು. ಈಗ ಕೋಡ್ 60 ಸೆಕೆಂಡಿಗೆ ಅಳಿಯುತ್ತದೆ, ಬೋರ್ಡ್ 90 ಸೆಕೆಂಡ್ ಕಾಯುತ್ತದೆ. ನಡುವಿನ 30 ಸೆಕೆಂಡಿನಲ್ಲಿ ಪರದೆ "ಪರಿಶೀಲಿಸುತ್ತಿದೆ, ಇಲ್ಲೇ ಇರಿ" ಎನ್ನುತ್ತದೆ. ಎಲ್ಲ ಬೋರ್ಡ್‌ಗಳೂ ರೀಡರ್ ಹೇಳಿದ ಅಂಕಿಯನ್ನು ಗೌರವಿಸುವುದಿಲ್ಲ. ಕೆಲವು ತಮ್ಮದೇ ಗಡುವು ಇಟ್ಟುಕೊಂಡಿರುತ್ತವೆ. ಆದ್ದರಿಂದ ಅಂಕಿ ಬದಲಿಸಿದ ಮೇಲೆ ನಂಬರ್ ಒತ್ತಿ, ಏನೂ ಕಟ್ಟದೆ, ಗಡಿಯಾರ ಹಿಡಿದು ನಿಂತು ನೋಡಲೇಬೇಕು. ಇಲ್ಲಿ 90ಕ್ಕೇ ಕೈಬಿಟ್ಟಿತು.

ಫೋನ್‌ನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಂಡು, ಪರದೆಯಿಂದ ಕೋಡ್ ಅಳಿದ ಮೇಲೆ ಒಪ್ಪಿಗೆ ಒತ್ತುವವರು ಇದ್ದೇ ಇರುತ್ತಾರೆ. ಅಂಥ ದುಡ್ಡಿಗೆ ಯಂತ್ರದಲ್ಲಿ ಉತ್ತರವಿಲ್ಲ, ವಾಪಸ್ ಕೊಡುವುದೊಂದೇ ದಾರಿ. ಇಲ್ಲಿ ನಿಯಮ ಬರೆಯುವಾಗ ಎಚ್ಚರ ಬೇಕು. "ಆಗಲಿಲ್ಲ" ಎಂಬ ಸಂದೇಶ ಬಂದರೆ ವಾಪಸ್ ಕೊಡು ಎಂದು ಬರೆದರೆ, ಕರೆಂಟ್ ಹೋದಾಗ, ಸಿಗ್ನಲ್ ಹೋದಾಗ ಆ ಸಂದೇಶವೇ ಬರುವುದಿಲ್ಲ, ಗಿರಾಕಿಯ ದುಡ್ಡು ಅಲ್ಲೇ ಉಳಿಯುತ್ತದೆ. ತಿರುಗಿಸಿ ಬರೆಯಬೇಕು: "ಕೊಟ್ಟೆ" ಎಂಬ ಸಂದೇಶ ಬರದಿದ್ದರೆ ವಾಪಸ್ ಕೊಡು. ಈ ಸರ್ವರ್ ಈಗ 15 ನಿಮಿಷ ಕಾದು, ಆ ಉಲ್ಲೇಖ ಸಂಖ್ಯೆಗೆ "ಕೊಟ್ಟೆ" ಇಲ್ಲದಿದ್ದರೆ ದುಡ್ಡು ಹಿಂದಿರುಗಿಸುತ್ತದೆ, ಒಂದು ಸಂಖ್ಯೆಗೆ ಒಂದೇ ಸಲ. ಪೊಟ್ಟಣ ಬಿದ್ದು "ಕೊಟ್ಟೆ" ಎಂಬುದು ದಾರಿಯಲ್ಲಿ ಕಳೆದುಹೋದರೆ ನಷ್ಟ ಮಾಲೀಕರದು. ಅವರು ಮೊದಲು ಮುಖ ಹುಳ್ಳಗೆ ಮಾಡಿದರು, ಆಮೇಲೆ ಒಪ್ಪಿದರು.

"ಕೊಟ್ಟೆ" ಎಂಬ ಮಾತಿಗೂ ಒಂದು ಮಿತಿ ಇದೆ. ಈ ಯಂತ್ರದಲ್ಲಿ ಕೆಳಗಿನ ತಟ್ಟೆಯ ಮೇಲೆ ಕಾಣದ ಬೆಳಕಿನ ಪರದೆಯೊಂದಿದ್ದು, ಬೀಳುವ ವಸ್ತು ಅದನ್ನು ಕತ್ತರಿಸಿದರೆ ಮಾತ್ರ ಬೋರ್ಡ್ ಹಾಗೆನ್ನುತ್ತದೆ. ಆ ಸೆನ್ಸರ್ ಇಲ್ಲದ ಹಳೆಯ ಯಂತ್ರಗಳಲ್ಲಿ ಆ ಮಾತಿನ ಅರ್ಥ "ಮೋಟರ್ ಒಂದು ಸುತ್ತು ತಿರುಗಿತು" ಎಂದಷ್ಟೇ. ಪೊಟ್ಟಣ ಸ್ಪ್ರಿಂಗ್ ತುದಿಗೆ ಸಿಕ್ಕಿ ನೇತಾಡುತ್ತಿದ್ದರೂ ಅದು "ಕೊಟ್ಟೆ" ಎನ್ನುತ್ತದೆ, ದುಡ್ಡು ವಾಪಸ್ ಬರುವುದಿಲ್ಲ. ಅಲ್ಲಿ ಮೇಲೆ ಹೇಳಿದ ಯಾವ ಉಪಾಯವೂ ಗಿರಾಕಿಯನ್ನು ಕಾಯದು.

ಕೊನೆಗೆ ಉಳಿದದ್ದು ಹಳೆಯ ಬಾಕಿ. ರೀಡರ್‌ನಲ್ಲಿ 30 ದಿನದ ದಾಖಲೆ ಇತ್ತು. ಬ್ಯಾಂಕ್ ಪಟ್ಟಿಯ ಪ್ರತಿ ಪಾವತಿಯ ಉಲ್ಲೇಖ ಸಂಖ್ಯೆಯನ್ನು ಆ ಸಂಖ್ಯೆಯ ಕೋರಿಕೆ ಹೇಗೆ ಮುಗಿಯಿತು ಎಂಬುದಕ್ಕೆ ಜೋಡಿಸಿದೆ. ರದ್ದಾಗಿ ಮುಗಿದ, ಆದರೆ ದುಡ್ಡು ಬಂದಿದ್ದ ಕೋರಿಕೆಗಳು 19. ಅವುಗಳಲ್ಲಿ 8ರಲ್ಲಿ ಸ್ವಲ್ಪ ಹೊತ್ತಿನಲ್ಲೇ ಅದೇ ಸಾಲನ್ನು ಮತ್ತೆ ಒತ್ತಿ, ಒಂದು ಸೆಕೆಂಡಿನಲ್ಲಿ ಪೊಟ್ಟಣ ಬಿದ್ದಿತ್ತು. ತಾಳ್ಮೆಯವರು ಎಂದು ಬಿಟ್ಟೆವು. ಉಳಿದ 11 ಪಾವತಿಗಳಿಗೆ ದುಡ್ಡು ವಾಪಸ್ ಹೋಯಿತು. ದೂರು ಕೊಟ್ಟಿದ್ದವರು ಅವರಲ್ಲಿ 9 ಮಂದಿ.